ಫಿಲಮೆಂಟಿನ ಮೇಲೊಂದು ಗುರುತು: ಎಕ್ಸ್‌ಟ್ರೂಡರ್ ಸ್ಟೆಪ್ ಎಣಿಕೆಯ ಪರೀಕ್ಷೆ ಮತ್ತು ಅದರ ಮಿತಿ

ಎಂಡರ್ 3 ತ್ರೀಡಿ ಪ್ರಿಂಟರ್ ಕಾರ್ಖಾನೆಯಿಂದ ಬರುವಾಗ ಅದರ ಎಕ್ಸ್‌ಟ್ರೂಡರಿಗೆ ನಮೂದಾಗಿರುವ ಅಂಕಿ 93. ಒಂದು ಮಿಲಿಮೀಟರ್ ಫಿಲಮೆಂಟನ್ನು ಮುಂದೆ ತಳ್ಳಲು ಮೋಟಾರು 93 ಮೈಕ್ರೋಸ್ಟೆಪ್‌ಗಳಷ್ಟು ತಿರುಗಬೇಕು ಎಂದು ಇದರ ಅರ್ಥ. ಮೋಟಾರಿನ ಒಂದು ಸುತ್ತಿಗೆ 200 ಸ್ಟೆಪ್. ಡ್ರೈವರು ಪ್ರತಿಯೊಂದನ್ನೂ 16 ಪಾಲು ಮಾಡುವುದರಿಂದ ಒಟ್ಟು 3200. ಇದನ್ನು 93ರಿಂದ ಭಾಗಿಸಿದರೆ ಒಂದು ಸುತ್ತಿಗೆ ಸುಮಾರು 34.4 ಮಿ.ಮೀ. ಫಿಲಮೆಂಟ್ ಸಾಗಬೇಕು. ಅಂದರೆ ಅದನ್ನು ತಳ್ಳುವ ಗೇರಿನ ವ್ಯಾಸ 10.95 ಮಿ.ಮೀ. ಎಂದು ಪ್ರಿಂಟರು ನಂಬಿಕೊಂಡಿದೆ.

ಲೆಕ್ಕ ತಪ್ಪುವುದು ಈ ನಂಬಿಕೆಯಲ್ಲೇ. ಗೇರಿನ ಹಲ್ಲುಗಳು ಫಿಲಮೆಂಟಿನ ಮೈಮೇಲೆ ಉರುಳುವುದಿಲ್ಲ, ಅದರೊಳಕ್ಕೆ ಕಚ್ಚುತ್ತವೆ. ಕಚ್ಚಿದಷ್ಟೂ ನಿಜವಾಗಿ ಕೆಲಸ ಮಾಡುವ ವ್ಯಾಸ ಕಿರಿದಾಗುತ್ತದೆ, ಅದೇ ಒಂದು ಸುತ್ತಿಗೆ ಫಿಲಮೆಂಟ್ ಕಡಿಮೆ ಸಾಗುತ್ತದೆ. ಸ್ಪ್ರಿಂಗನ್ನು ಬಿಗಿ ಮಾಡಿದರೂ, ಪಿಎಲ್‌ಎ ಬಿಟ್ಟು ರಬ್ಬರಿನಂಥ ಟಿಪಿಯು ಹಾಕಿದರೂ ಕಚ್ಚುವ ಆಳ ಬದಲಾಗುತ್ತದೆ. ಆದ್ದರಿಂದ ಕಾಗದದ ಮೇಲಿನ ಲೆಕ್ಕ ಆರಂಭಕ್ಕೆ ಸಾಕು. ಉಳಿದದ್ದನ್ನು ಅಳೆದೇ ತಿಳಿಯಬೇಕು.

ಅಳೆಯುವ ಕ್ರಮ ಸರಳ. ಎಕ್ಸ್‌ಟ್ರೂಡರಿನ ಬಾಯಿಂದ 120 ಮಿ.ಮೀ. ದೂರದಲ್ಲಿ ಫಿಲಮೆಂಟಿನ ಮೇಲೆ ಮಾರ್ಕರಿನಿಂದ ಸಣ್ಣ ಗೆರೆ ಎಳೆಯಬೇಕು. ಕಪ್ಪು ಫಿಲಮೆಂಟಾದರೆ ಗೆರೆ ಕಾಣದು, ಆಗ ತೆಳುವಾದ ಟೇಪಿನ ತುಂಡು ಅಂಟಿಸಬಹುದು. ಸುರುಳಿಯಿಂದ ಬರುವ ಫಿಲಮೆಂಟ್ ಬಾಗಿರುವುದರಿಂದ ಅದನ್ನು ಸ್ಕೇಲಿಗೆ ಒತ್ತಿ ನೇರ ಮಾಡದೆ ಗುರುತು ಹಾಕಿದರೆ ಒಂದೆರಡು ಮಿಲಿಮೀಟರ್ ಅಲ್ಲೇ ಹೋಗುತ್ತದೆ. ನಾಜಲ್ ಬಿಸಿಯಾದ ಮೇಲೆ 100 ಮಿ.ಮೀ. ತಳ್ಳುವಂತೆ ಹೇಳಬೇಕು:

```
M109 S200
M83
G1 E100 F60
```

100 ಮಿ.ಮೀ. ಕೇಳಿ 120ರಲ್ಲಿ ಗುರುತು ಹಾಕುವುದಕ್ಕೆ ಕಾರಣವಿದೆ. ಫಿಲಮೆಂಟ್ ಕೇಳಿದ್ದಕ್ಕಿಂತ ಹೆಚ್ಚು ಸಾಗಿದರೂ ಗೆರೆ ಒಳಗೆ ಮಾಯವಾಗದೆ ಹೊರಗೇ ಉಳಿಯಬೇಕು. ಎಲ್ಲ ಸರಿಯಿದ್ದರೆ ಬಾಯಿಂದ ಗೆರೆಗೆ ಕೊನೆಯಲ್ಲಿ 20 ಮಿ.ಮೀ. ಇರುತ್ತದೆ. ಕ್ಯಾಲಿಪರ್ 23 ತೋರಿಸಿತು ಎನ್ನೋಣ. ಹಾಗಾದರೆ ಸಾಗಿದ್ದು 97 ಮಾತ್ರ. ಹೊಸ ಅಂಕಿ 93 × 100 ÷ 97, ಅಂದರೆ 95.88. ಇದನ್ನು ಹಿಂದಕ್ಕೆ ಬಿಡಿಸಿದರೆ ಗೇರಿನ ಪರಿಣಾಮಕಾರಿ ವ್ಯಾಸ 10.62 ಮಿ.ಮೀ. ಬರುತ್ತದೆ. ಇಡೀ ಮೂರು ಮಿಲಿಮೀಟರ್ ಕೊರತೆಯ ಹಿಂದೆ ಇರುವುದು ತ್ರಿಜ್ಯದಲ್ಲಿ ಬರೀ 0.16 ಮಿ.ಮೀ. ವ್ಯತ್ಯಾಸ.

```
M92 E95.88
M500
```

ಎರಡನೆಯ ಸಾಲು ಅಂಕಿಯನ್ನು ಪ್ರಿಂಟರಿನ ನೆನಪಿನಲ್ಲಿ ಉಳಿಸುತ್ತದೆ. ಅದನ್ನು ಮರೆತರೆ ಪವರ್ ಆಫ್ ಮಾಡಿ ಆನ್ ಮಾಡಿದಾಗ 93 ಮತ್ತೆ ಬಂದು ಕೂರುತ್ತದೆ. ದಶಮಾಂಶದ ಮೋಹವೂ ಬೇಡ. ಕೈಯಿಂದ ಅಳೆಯುವಾಗ ಅರ್ಧ ಮಿಲಿಮೀಟರ್ ತಪ್ಪು ಸಹಜ, 100ರಲ್ಲಿ ಅದು ಶೇ. 0.5. ಅಂದಮೇಲೆ 95.876 ಎಂದು ಬರೆಯುವುದು ಬರೀ ಅಲಂಕಾರ. ಅದಕ್ಕಿಂತ ಹೊಸ ಗೆರೆ ಎಳೆದು ಇನ್ನೊಮ್ಮೆ ಅಳೆಯುವುದು ಲೇಸು.

ಆದರೆ ಕೊರತೆಯೆಲ್ಲ ಗೇರಿನದೇ ಎಂದು ಹೇಗೆ ನಂಬುವುದು? ಇಲ್ಲಿಯೇ ಈ ಪರೀಕ್ಷೆ ಹೆಚ್ಚಾಗಿ ದಾರಿ ತಪ್ಪುವುದು. 1.75 ಮಿ.ಮೀ. ಫಿಲಮೆಂಟಿನ ಅಡ್ಡಕೊಯ್ತ ಸುಮಾರು 2.4 ಚದರ ಮಿ.ಮೀ. ನಿಮಿಷಕ್ಕೆ 60 ಮಿ.ಮೀ. ವೇಗದಲ್ಲಿ ಸೆಕೆಂಡಿಗೆ 2.4 ಘನ ಮಿ.ಮೀ. ಪ್ಲಾಸ್ಟಿಕ್ ಕರಗಿದರೆ ಸಾಕು, ಅದು ಸಾಮಾನ್ಯ ಹಾಟೆಂಡಿಗೆ ಭಾರವಲ್ಲ. ಅವಸರಪಟ್ಟು F300 ಕೊಟ್ಟರೆ ಬೇಡಿಕೆ 12ಕ್ಕೆ ಏರುತ್ತದೆ. ಕರಗದ ಫಿಲಮೆಂಟ್ ಎದುರೊತ್ತುತ್ತದೆ, ಗೇರು ಜಾರುತ್ತದೆ ಇಲ್ಲವೇ ಮೋಟಾರು ಟಕ್ ಟಕ್ ಎಂದು ಸ್ಟೆಪ್ ಬಿಡುತ್ತದೆ. ಆಗ ಬರುವ ಕೊರತೆಗೆ M92 ಹೆಚ್ಚಿಸಿದರೆ ನಿಧಾನವಾಗಿ ಮುದ್ರಿಸುವ ಭಾಗಗಳಲ್ಲೆಲ್ಲ ಪ್ಲಾಸ್ಟಿಕ್ ಹೆಚ್ಚಾಗಿ ಸುರಿಯುತ್ತದೆ.

ಎರಡನ್ನೂ ಬೇರ್ಪಡಿಸುವ ಉಪಾಯ ಸುಲಭ: ಎರಡು ವೇಗದಲ್ಲಿ ಅಳೆಯುವುದು. F60 ಮತ್ತು F120 ಎರಡರಲ್ಲೂ 3 ಮಿ.ಮೀ. ಕಡಿಮೆ ಬಂದರೆ ದೋಷ ಸ್ಟೆಪ್ ಎಣಿಕೆಯದು. ವೇಗ ಹೆಚ್ಚಿದಂತೆ ಕೊರತೆಯೂ ಹೆಚ್ಚಿದರೆ ಜಾರಿಕೆಯದು. ಗೇರಿನ ಹಲ್ಲುಗಳ ನಡುವೆ ಪ್ಲಾಸ್ಟಿಕ್ ಪುಡಿ, ಫಿಲಮೆಂಟಿನ ಮೈಮೇಲೆ ಉಜ್ಜಿ ತೋಡಿದ ಕಚ್ಚು ಅದಕ್ಕೆ ಸಾಕ್ಷಿ. ಇನ್ನೂ ಅನುಮಾನವಿದ್ದರೆ ಪಿಟಿಎಫ್‌ಇ ಕೊಳವೆಯನ್ನು ಎಕ್ಸ್‌ಟ್ರೂಡರಿನಿಂದ ಬಿಚ್ಚಿ ಫಿಲಮೆಂಟನ್ನು ಗಾಳಿಗೆ ತಳ್ಳಬಹುದು. ತಣ್ಣಗಿರುವಾಗ ಮಾರ್ಲಿನ್ ಇದಕ್ಕೆ ಒಪ್ಪುವುದಿಲ್ಲ. `M302 P1` ಎಂದು ಆ ತಡೆಯನ್ನು ತೆಗೆಯಬೇಕು. ಬಿಸಿ ನಾಜಲಿನಲ್ಲಿ 95, ಗಾಳಿಯಲ್ಲಿ 97 ಬಂದರೆ ಆ ಎರಡು ಮಿಲಿಮೀಟರ್ ನಾಜಲಿನ ಪಾಲು.

ಈ ಪರೀಕ್ಷೆ ಹೇಳುವುದು ಒಳಹೋದ ಉದ್ದವನ್ನು ಮಾತ್ರ. ಫಿಲಮೆಂಟ್ 1.75ರ ಬದಲು 1.70 ಮಿ.ಮೀ. ದಪ್ಪವಿದ್ದರೆ ಉದ್ದ ಕರಾರುವಾಕ್ಕಾಗಿದ್ದರೂ ಪ್ಲಾಸ್ಟಿಕ್ ಶೇ. 5.6ರಷ್ಟು ಕಡಿಮೆ ಬೀಳುತ್ತದೆ. ಮುದ್ರಿತ ಗೋಡೆ ತೆಳುವಾಯಿತೆಂದು ಸ್ಟೆಪ್ ಎಣಿಕೆಗೆ ಕೈಹಾಕುವವರು ಎಡವುವುದು ಇಲ್ಲಿ. ಆ ಕೊರತೆಯನ್ನು ಸ್ಲೈಸರಿನಲ್ಲಿ ವ್ಯಾಸ ಅಥವಾ ಫ್ಲೋ ಬದಲಿಸಿ ತುಂಬಬೇಕು, ಏಕೆಂದರೆ ಮುಂದಿನ ಸುರುಳಿಯ ದಪ್ಪವೇ ಬೇರೆ ಇರಬಹುದು. 95.88 ಮಾತ್ರ ಗೇರು ಸವೆಯುವವರೆಗೆ, ಸ್ಪ್ರಿಂಗಿನ ಬಿಗಿ ಅಥವಾ ಫಿಲಮೆಂಟಿನ ಬಗೆ ಬದಲಾಗುವವರೆಗೆ ಹಾಗೆಯೇ ಇರಲಿ.