ಕಂತಿನ ಲೆಕ್ಕ: ‘ಈಗ ಕೊಳ್ಳಿ, ಆಮೇಲೆ ಕೊಡಿ’ ನಡೆದು ಬಂದ ದಾರಿ

ಊರ ಅಂಗಡಿಯ ಉದ್ರಿಯಲ್ಲಿ ಇಬ್ಬರೇ ಇರುತ್ತಾರೆ: ಸಾಮಾನು ಕೊಟ್ಟ ಅಂಗಡಿಯವರು, ದುಡ್ಡು ಬಾಕಿ ಇರಿಸಿಕೊಂಡ ಗಿರಾಕಿ. ಮೊಬೈಲಿನಲ್ಲಿ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎಂಬ ಗುಂಡಿ ಒತ್ತಿದಾಗ ಮೂರನೆಯವರೊಬ್ಬರು ಬರುತ್ತಾರೆ. ಅದು ಬ್ಯಾಂಕ್ ಅಥವಾ ಬ್ಯಾಂಕೇತರ ಹಣಕಾಸು ಸಂಸ್ಥೆ. ಅಂಗಡಿಗೆ ಅವರ ದುಡ್ಡು ಆಗಲೇ ಸಂದಾಯವಾಗಿರುತ್ತದೆ, ಗಿರಾಕಿಯ ಹೆಸರಿನಲ್ಲಿ ಒಂದು ಸಾಲದ ಖಾತೆ ತೆರೆದಿರುತ್ತದೆ. 2013ರಿಂದ ಈಚೆಗೆ ಭಾರತದಲ್ಲಿ ಈ ಪದ್ಧತಿ ಬೆಳೆದದ್ದನ್ನು ನೋಡಿದರೆ, ಈ ಖಾತೆಯಲ್ಲಿ ಮರೆಯಾಗಿದ್ದ ಸಾಲುಗಳನ್ನು ಒಂದೊಂದಾಗಿ ಹೊರಗೆ ತಂದ ಕಥೆಯೇ ಕಾಣುತ್ತದೆ.

ಮೊದಲು ಹೊರಬಂದದ್ದು ಬಡ್ಡಿಯ ಸಾಲು. ಟಿ.ವಿ., ಫ್ರಿಜ್ಜುಗಳಿಗೆ ಶೂನ್ಯ ಬಡ್ಡಿಯ ಕಂತು ಎಂಬ ಜಾಹೀರಾತು ಜೋರಾಗಿದ್ದಾಗ, 2013ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಇಂಥ ಯೋಜನೆಗಳಲ್ಲಿ ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ವೇಷದಲ್ಲಿ ವಸೂಲು ಮಾಡಲಾಗುತ್ತಿದೆ ಎಂದು ಅದು ಎಚ್ಚರಿಸಿತು. ಈಗಿನ ‘ನೋ ಕಾಸ್ಟ್ ಇಎಂಐ’ಯಲ್ಲಿಯೂ ಸಾಲಕ್ಕೆ ಬಡ್ಡಿ ಇದ್ದೇ ಇದೆ. ಅಷ್ಟೇ ಮೊತ್ತವನ್ನು ಮಾರಾಟಗಾರರು ಅಥವಾ ತಯಾರಕರು ಬೆಲೆಯಲ್ಲಿ ರಿಯಾಯಿತಿಯಾಗಿ ಬಿಡುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಫೋನಿನ ಬೆಲೆ ₹18,000. ತಿಂಗಳಿಗೆ ₹3,000ದಂತೆ ಆರು ಕಂತು. ಸಾಲದ ಬಡ್ಡಿ ವರ್ಷಕ್ಕೆ ಶೇ. 15 ಎಂದಿಟ್ಟುಕೊಳ್ಳಿ. ಗಿರಾಕಿಗೆ ಕಾಣುವುದು ಮೂರು ಸಾವಿರದ ಆರು ಸಾಲು ಮಾತ್ರ. ಸಾಲದ ಖಾತೆಯಲ್ಲಿ ಅಸಲು ₹17,238 ಎಂದಿರುತ್ತದೆ, ಉಳಿದ ₹762 ಬಡ್ಡಿ. ಬಿಲ್ಲಿನಲ್ಲಿ ಅಷ್ಟೇ ರಿಯಾಯಿತಿ ಸಿಕ್ಕಿರುವುದರಿಂದ ಲೆಕ್ಕ ಸರಿಹೋಗುತ್ತದೆ. ಮೊದಲ ಕಂತಿನಲ್ಲಿ ₹215 ಬಡ್ಡಿಗೆ, ₹2,785 ಅಸಲಿಗೆ ಜಮಾ ಆಗುತ್ತದೆ. ಕೊನೆಯ ಕಂತಿನ ಹೊತ್ತಿಗೆ ಬಡ್ಡಿಯ ಪಾಲು ₹37ಕ್ಕೆ ಇಳಿದಿರುತ್ತದೆ. ರಿಯಾಯಿತಿ ₹762ಕ್ಕಿಂತ ಕಡಿಮೆ ಇದ್ದರೆ, ಅಥವಾ ಸಂಸ್ಕರಣಾ ಶುಲ್ಕ ಬೇರೆಯಾಗಿ ಬಿದ್ದಿದ್ದರೆ, ಆ ಕಂತು ಪುಕ್ಕಟೆಯದಲ್ಲ. ನಗದು ಕೊಟ್ಟವರಿಗೆ ಇನ್ನೂ ಕಡಿಮೆ ಬೆಲೆ ಇದೆಯೇ ಎಂದು ಕೇಳಿದರೂ ಇದು ತಿಳಿಯುತ್ತದೆ.

ಎರಡನೆಯ ಹಂತ 2015ರ ಆಚೀಚೆ ಶುರುವಾಯಿತು. ಜೆಸ್ಟ್‌ಮನಿ, ಸಿಂಪಲ್‌ನಂಥ ಸಂಸ್ಥೆಗಳು ಹುಟ್ಟಿದವು. ಹೊರದೇಶಗಳಲ್ಲಿ ಆಸ್ಟ್ರೇಲಿಯಾದ ಆಫ್ಟರ್‌ಪೇ ಎರಡು ವಾರಕ್ಕೊಂದರಂತೆ ನಾಲ್ಕು ಕಂತಿನ ಮಾದರಿಯನ್ನು ಜನಪ್ರಿಯಗೊಳಿಸಿತು. ಇಲ್ಲಿ ಎರಡು ಬಗೆ ಬೇರೂರಿದವು. ಒಂದು, ಊಟ, ಆಟೊ, ದಿನಸಿಯ ಸಣ್ಣ ಖರ್ಚುಗಳನ್ನೆಲ್ಲ ಕೂಡಿಸಿ ಹದಿನೈದು ದಿನಕ್ಕೋ ತಿಂಗಳಿಗೋ ಕೊಡುವ ಬಿಲ್ಲು. ಇನ್ನೊಂದು, ದೊಡ್ಡ ಖರೀದಿಗೆ ಮೂರರಿಂದ ಹನ್ನೆರಡು ತಿಂಗಳ ಕಂತು. ಮೊದಲನೆಯದರಲ್ಲಿ ಬಡ್ಡಿ ಇರಲಿಲ್ಲ, ತಡವಾದರೆ ದಂಡವಿತ್ತು. ದಂಡ ನಿಗದಿತ ಮೊತ್ತವಾದರೆ ಅದರ ಪೆಟ್ಟು ಸಣ್ಣ ಬಿಲ್ಲಿಗೇ ಹೆಚ್ಚು. ₹400ರ ಬಿಲ್ಲಿಗೆ ₹100 ದಂಡ ಬಿದ್ದರೆ ಒಂದೇ ವಾರದ ತಡಕ್ಕೆ ಕಾಲುಭಾಗ ಹೆಚ್ಚು ತೆತ್ತಂತೆ.

ಆ ಕಾಲದ ದಾಖಲೆಗಳು ಇನ್ನೂ ಗೊಂದಲದವು. ಕೆಲವರು ಇಂಥ ಬಾಕಿಯನ್ನು ಸಿಬಿಲ್‌ನಂಥ ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೆ ತಿಳಿಸುತ್ತಲೇ ಇರಲಿಲ್ಲ. ಕೆಲವರು ಒಂದೊಂದು ಖರೀದಿಯನ್ನೂ ಬೇರೆ ಬೇರೆ ಸಾಲವೆಂದು ಬರೆಸುತ್ತಿದ್ದರು. ವರದಿಯಲ್ಲಿ ಆ್ಯಪಿನ ಹೆಸರಿನ ಬದಲು ಅದರ ಹಿಂದಿದ್ದ ಹಣಕಾಸು ಸಂಸ್ಥೆಯ ಹೆಸರಿರುತ್ತಿತ್ತು. ಹಾಗಾಗಿ ತಾವು ಕೇಳಿಯೇ ಇರದ ಸಂಸ್ಥೆಯಿಂದ ಸಾಲ ಪಡೆದವರಾಗಿ ಎಷ್ಟೋ ಜನ ತಮ್ಮನ್ನು ತಾವೇ ಕಂಡರು.

2022 ತಿರುವಿನ ವರ್ಷ. ಸಾಲದ ಹಣವನ್ನು ಪ್ರಿಪೇಯ್ಡ್ ಕಾರ್ಡು, ವ್ಯಾಲೆಟ್‌ಗಳಿಗೆ ತುಂಬಿಸುವುದನ್ನು ರಿಸರ್ವ್ ಬ್ಯಾಂಕ್ ಜೂನ್‌ನಲ್ಲಿ ತಡೆಯಿತು. ಸೆಪ್ಟೆಂಬರಿನಲ್ಲಿ ಡಿಜಿಟಲ್ ಸಾಲದ ಮಾರ್ಗಸೂಚಿ ಬಂತು. ಮರುಪಾವತಿ ಆ್ಯಪಿನ ಖಾತೆಯನ್ನು ಹಾದುಹೋಗದೆ ನೇರವಾಗಿ ಸಾಲ ಕೊಟ್ಟ ಸಂಸ್ಥೆಗೇ ಸೇರಬೇಕು. ವಾರ್ಷಿಕ ಒಟ್ಟು ವೆಚ್ಚದ ದರವನ್ನು ಮುಖ್ಯಾಂಶ ಪತ್ರದಲ್ಲಿ ಮೊದಲೇ ತೋರಿಸಬೇಕು. ಸಾಲ ಎಷ್ಟೇ ಸಣ್ಣದಾಗಿರಲಿ, ಅವಧಿ ಎಷ್ಟೇ ಕಡಿಮೆಯಿರಲಿ, ಕ್ರೆಡಿಟ್ ಮಾಹಿತಿ ಸಂಸ್ಥೆಗೆ ತಿಳಿಸಬೇಕು. ಅಂಗಡಿ ಆ್ಯಪುಗಳ ಮುಂದೂಡಿದ ಪಾವತಿಗೂ ಇದು ಅನ್ವಯ ಎಂದು ಸ್ಪಷ್ಟವಾಗಿ ಹೇಳಲಾಯಿತು. ಒಂದು ವಿಷಯ ಗಮನಿಸಬೇಕು: ಆ ವಾರ್ಷಿಕ ದರದಲ್ಲಿ ತಡದ ದಂಡ ಸೇರಿರುವುದಿಲ್ಲ. ಅದನ್ನು ಪತ್ರದಲ್ಲಿ ಬೇರೆಯಾಗಿ ನಮೂದಿಸಿರುತ್ತಾರೆ. ಬಿಗಿಯಾದ ಈ ಕಾಲದಲ್ಲಿ ಎಲ್ಲರೂ ಉಳಿಯಲಿಲ್ಲ. 2023ರ ಕೊನೆಗೆ ಜೆಸ್ಟ್‌ಮನಿ ಮುಚ್ಚುವ ನಿರ್ಧಾರಕ್ಕೆ ಬಂತು.

ಮುಂದಿನ ಸರದಿ ದಂಡದ್ದು. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್‌ನ ಆದೇಶದ ಪ್ರಕಾರ ತಡಕ್ಕೆ ಹೆಚ್ಚುವರಿ ಬಡ್ಡಿ ಹೇರುವಂತಿಲ್ಲ, ‘ದಂಡ ಶುಲ್ಕ’ವೆಂದೇ ಬೇರೆ ಸಾಲಿನಲ್ಲಿ ತೋರಿಸಬೇಕು. ಆ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್‌ನಿಂದ ಜಾರಿಗೆ ಬಂತು. ಬಾಕಿ ಅಸಲಿನ ಮೇಲಿನ ಮಾಮೂಲಿ ಬಡ್ಡಿ ಮಾತ್ರ ತಡವಾದ ದಿನಗಳಿಗೂ ನಡೆಯುತ್ತದೆ.

ಇಷ್ಟಾದರೂ ಜನ ಎಡವುವ ಜಾಗವೊಂದಿದೆ: ಕಟ್ಟಿದ ದುಡ್ಡು ಯಾವ ಬಾಕಿಗೆ ಜಮಾ ಆಗುತ್ತದೆ ಎಂಬುದು. ಮೇಲಿನ ಫೋನಿನ ಸಾಲವನ್ನೇ ತೆಗೆದುಕೊಳ್ಳಿ. ಮೂರನೆಯ ಕಂತು ಜುಲೈ 5ಕ್ಕೆ. ಅಂದು ಗಿರಾಕಿಯ ಬ್ಯಾಂಕ್ ಖಾತೆಯಲ್ಲಿ ₹2,400 ಮಾತ್ರ ಇತ್ತು. ಕಂತು ಬೌನ್ಸ್ ಆಯಿತು. ಗಿರಾಕಿಯ ಸ್ವಂತ ಬ್ಯಾಂಕು ತನ್ನ ಶುಲ್ಕ ಮುರಿದುಕೊಂಡಿತು. ಅದು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಾತ್ರ ಕಾಣುತ್ತದೆ. ಸಾಲ ಕೊಟ್ಟವರು ಬೌನ್ಸ್ ಶುಲ್ಕ ₹500 ಹಾಕಿದರು. ಅದು ಸಾಲದ ಖಾತೆಯಲ್ಲಿ ಕಾಣುತ್ತದೆ. ಜುಲೈ 12ರಂದು ಗಿರಾಕಿ ₹3,000 ಕಟ್ಟಿ, ಕಂತು ಮುಗಿಯಿತು ಎಂದುಕೊಂಡರು. ಒಪ್ಪಂದದಲ್ಲಿ ‘ಮೊದಲು ಶುಲ್ಕ, ನಂತರ ಕಂತು’ ಎಂದಿದ್ದರೆ ₹500 ಶುಲ್ಕಕ್ಕೆ ಹೋಗಿ, ಕಂತಿಗೆ ಜಮಾ ಆಗುವುದು ₹2,500 ಮಾತ್ರ. ಆಗಸ್ಟ್ 5ರ ₹3,000ದಲ್ಲಿ ₹500 ಹಳೆಯ ಬಾಕಿಗೆ ಸಲ್ಲುತ್ತದೆ, ಹೊಸ ಕಂತು ಮತ್ತೆ ₹500 ಕೊರತೆಯಲ್ಲಿ ನಿಲ್ಲುತ್ತದೆ. ಗಿರಾಕಿ ಪ್ರತಿ ತಿಂಗಳೂ ಸರಿಯಾಗಿ ಕಟ್ಟುತ್ತಿದ್ದಾರೆ, ಖಾತೆ ಪ್ರತಿ ತಿಂಗಳೂ ಬಾಕಿ ತೋರಿಸುತ್ತಿದೆ.

ಈ ಕೊರತೆ ಕ್ರೆಡಿಟ್ ವರದಿಯಲ್ಲಿ ಡಿಪಿಡಿ ಎಂಬ ಅಂಕಣಕ್ಕೆ ಹೋಗುತ್ತದೆ. ಗಡುವು ಮೀರಿ ಎಷ್ಟು ದಿನವಾಯಿತು ಎಂಬುದನ್ನು ಅದು ಹೇಳುತ್ತದೆ. 000 ಇದ್ದರೆ ಬಾಕಿ ಇಲ್ಲ. ಬೇರೆ ಅಂಕೆ ಇದ್ದರೆ ಅಷ್ಟು ದಿನ ತಡ. ಸಾಲ ಸಂಸ್ಥೆಗಳು ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕೆಂಬ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತು. ಆ ನಿಯಮದಂತೆ ಜುಲೈ 5ರ ತಡ 15ನೇ ತಾರೀಖಿನ ಲೆಕ್ಕದಲ್ಲೇ ಸುಮಾರು 10 ಎಂದು ದಾಖಲಾಗಬಹುದು. ಐನೂರು ರೂಪಾಯಿಯ ಕೊರತೆಯಾದರೂ ಅಲ್ಲಿ ಎಣಿಸುವುದು ದಿನಗಳನ್ನು.

ಆದ್ದರಿಂದ ಕಂತು ತಪ್ಪಿದ ತಿಂಗಳಲ್ಲಿ ಆ್ಯಪಿನ ‘ಪಾವತಿಯಾಗಿದೆ’ ಎಂಬ ಹಸಿರು ಗುರುತನ್ನು ನೆಚ್ಚಿ ಕೂರಬೇಡಿ. ಸಾಲ ಕೊಟ್ಟ ಸಂಸ್ಥೆಯಿಂದ ಸ್ಟೇಟ್‌ಮೆಂಟ್ ಆಫ್ ಅಕೌಂಟ್ ತರಿಸಿ, ಬಾಕಿ ಶುಲ್ಕ ಎಷ್ಟು ಎಂದು ನೋಡಿ, ಕಂತು ಮತ್ತು ಶುಲ್ಕ ಎರಡನ್ನೂ ಕೂಡಿಸಿ ಕಟ್ಟಿ. ಸಾಲ ತೀರಿದ ಮೇಲೆ ಮುಕ್ತಾಯದ ಪತ್ರ ಪಡೆಯಿರಿ. ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ. ತಪ್ಪಿದ್ದರೆ ಲಿಖಿತ ದೂರು ಕೊಡಿ. ಅದು 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ ₹100 ಪರಿಹಾರ ಪಡೆಯುವ ಹಕ್ಕು ನಿಮಗಿದೆ.