ಕ್ರೆಡಿಟ್ ನೋಟ್, ಡೆಬಿಟ್ ನೋಟ್

ಲ್ಯಾಟಿನ್ನಿನಲ್ಲಿ ‘ಕ್ರೆಡೆರೆ’ ಎಂದರೆ ನಂಬುವುದು, ‘ಡೆಬೆರೆ’ ಎಂದರೆ ಕೊಡಬೇಕಾಗಿರುವುದು. ಕ್ರೆಡಿಟ್, ಡೆಬಿಟ್ ಹುಟ್ಟಿದ್ದು ಇವುಗಳಿಂದ. ನೋಟಿನ ಹೆಸರು ಹೇಳುವುದು ಅದನ್ನು ಬರೆದವರ ಪುಸ್ತಕದಲ್ಲಿ ಎದುರಿನವರ ಖಾತೆಗೆ ಏನಾಯಿತೆಂಬುದನ್ನು. ಬೆಸಗರಹಳ್ಳಿಯ ಅಂಗಡಿಯೊಂದು ಮಂಡ್ಯದ ಸಗಟು ವ್ಯಾಪಾರಿಗೆ 2,000 ರೂಪಾಯಿಯ ಕೆಟ್ಟ ಬಣ್ಣದ ಡಬ್ಬಗಳನ್ನು ವಾಪಸು ಕಳಿಸಿತು ಎಂದಿಟ್ಟುಕೊಳ್ಳಿ, ಶೇ. 18 ತೆರಿಗೆ ಸೇರಿ 2,360. ಅಂಗಡಿಯವರು ಡೆಬಿಟ್ ನೋಟ್ ಬರೆದು ವ್ಯಾಪಾರಿಯ ಖಾತೆಗೆ ಅಷ್ಟನ್ನು ಖರ್ಚು ಹಾಕುತ್ತಾರೆ, ಅವರಿಗೆ ಕೊಡಬೇಕಾದ ಬಾಕಿ ಇಳಿಯುತ್ತದೆ. ವ್ಯಾಪಾರಿ ಕ್ರೆಡಿಟ್ ನೋಟ್ ಕೊಟ್ಟು ಅಂಗಡಿಯ ಖಾತೆಗೆ ಅಷ್ಟೇ ಜಮಾ ಮಾಡುತ್ತಾರೆ. ಒಂದು ನೋಟ್ ಸಾಲದೇ ಎನ್ನುವವರಿದ್ದಾರೆ. ಬಾಕಿ ಹೊಂದಿಸಲು ಸಾಕು, ತೆರಿಗೆಗೆ ಸಾಲದು: 2017ರ ಜಿಎಸ್‌ಟಿ ಕಾಯ್ದೆಯ 34ನೇ ಕಲಮಿನಂತೆ ವ್ಯಾಪಾರಿಯ 360 ಇಳಿಯಲು ಅವರದೇ ಕ್ರೆಡಿಟ್ ನೋಟ್ ಬೇಕು, ಅಂಗಡಿಯವರೂ ಪಡೆದ ತೆರಿಗೆ ಜಮೆಯನ್ನು ಬಿಟ್ಟುಕೊಡಬೇಕು. ಆ ಸರಕು ಮಾರಿದ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಕ್ರೆಡಿಟ್ ನೋಟನ್ನು ರಿಟರ್ನಿನಲ್ಲಿ ತೋರಿಸಲು ಕೊನೆಯ ಗಡುವು. ವಾರ್ಷಿಕ ರಿಟರ್ನ್ ಮೊದಲೇ ಸಲ್ಲಿಸಿದರೆ ಅಂದೇ ಗಡುವು ಮುಗಿಯುತ್ತದೆ.