ದೀಪ ಹೊತ್ತುವಷ್ಟರಲ್ಲಿ ಮುಗಿಯುವ ಹಾಡು

ಸುಮಾರು ದಿನಗಳಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಸಂಜೆ ದೇವರ ಜಗಲಿಯ ಮುಂದೆ ದೀಪ ಹಚ್ಚುವಾಗ ಹೇಳುವ ಪದ್ಯ ಎಷ್ಟು ಉದ್ದ ಇರಬೇಕು? ಯಾಕೆ ಅಷ್ಟೇ ಇರಬೇಕು? ನನ್ನ ಮೂಲ ಸುರಪುರದ ಕಡೆ. ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತೇನೆ. ಹಾಗಾಗಿ ಅಳತೆ, ಲೆಕ್ಕ ಅಂದರೆ ಸ್ವಲ್ಪ ಚಪಲ ಜಾಸ್ತಿ :)

ನಮ್ಮ ಕಡೆ ಹಲವು ಮನೆಗಳಲ್ಲಿ ದೀಪ ಹಚ್ಚುವಾಗ 'ಶುಭಂ ಕರೋತಿ' ಶ್ಲೋಕ ಹೇಳುತ್ತಾರೆ. ಅದು ಅನುಷ್ಟುಪ್ ಛಂದಸ್ಸು. ನಾಲ್ಕು ಪಾದ, ಪಾದಕ್ಕೆ ಎಂಟು ಅಕ್ಷರ, ಒಟ್ಟು 32 ಅಕ್ಷರ. ನಿಧಾನಕ್ಕೆ ಹೇಳಿದರೂ ಹದಿನೈದು ಸೆಕೆಂಡಿನೊಳಗೆ ಮುಗಿಯುತ್ತದೆ. ಕನ್ನಡದಲ್ಲಿ ಅದಕ್ಕೆ ಸಮನಾದದ್ದು ಯಾವುದು ಅಂತ ಹುಡುಕಿದರೆ ಮೊದಲು ನೆನಪಾಗುವುದು ವಚನ ಮತ್ತು ದಾಸರ ಪದ. ಎರಡಕ್ಕೂ ನಮ್ಮ ಸೀಮೆ ಬಡತನದ್ದಲ್ಲ. ದೇವರ ದಾಸಿಮಯ್ಯನ ಮುದನೂರು ಸುರಪುರದ ಸೀಮೆಯಲ್ಲೇ ಇದೆ. 'ಕಮಲೇಶವಿಠಲ' ಅಂಕಿತದಲ್ಲಿ ಹಾಡು ಕಟ್ಟಿದ ಆನಂದದಾಸರು ಸುರಪುರದವರೇ.

ಆದರೆ ಇವೆರಡೂ ಬತ್ತಿಯ ಕೆಲಸಕ್ಕೆ ಪೂರ್ತಿ ಒಗ್ಗುವುದಿಲ್ಲ. ದಾಸರ ಪದಕ್ಕೆ ಪಲ್ಲವಿ ಬೇಕು, ಮೂರ್ನಾಲ್ಕು ನುಡಿ ಬೇಕು, ಕೊನೆಯ ನುಡಿಯಲ್ಲಿ ಅಂಕಿತ ಬರಬೇಕು. ಅದು ದೀಪ ಹೊತ್ತಿದ ಮೇಲೆ ಕುಳಿತು ಹಾಡುವ ಪದ, ಆರತಿಯ ಪದ. ವಚನ ಚಿಕ್ಕದಿರಬಹುದು, ಆದರೆ ಅದು ಗಣದ ಕಟ್ಟಿಗೆ ಸಿಗುವುದಿಲ್ಲ. ಕೈ ಕೆಲಸದಲ್ಲಿರುವಾಗ ಬಾಯಿ ತಾನಾಗಿ ನಡೆಯಬೇಕಾದರೆ ಕಟ್ಟು ಬೇಕು.

ಆ ಕಟ್ಟು ಇರುವುದು ನಮ್ಮ ಹೆಂಗಸರ ಬಾಯಲ್ಲಿದ್ದ ತ್ರಿಪದಿಯಲ್ಲಿ. ಮೂರು ಸಾಲು, ಅಷ್ಟೇ. ಇದು ಎಷ್ಟು ಹಳೆಯದು ಅಂದರೆ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ಕ್ರಿ.ಶ. 700ರಲ್ಲೇ, ತ್ರಿಪದಿ ಕಲ್ಲಿನ ಮೇಲಿದೆ. ಆದರೂ ಅದು ಹೆಚ್ಚಾಗಿ ಬದುಕಿದ್ದು ಕಲ್ಲಿನಲ್ಲಲ್ಲ, ಬೀಸುಕಲ್ಲಿನ ಮುಂದೆ. ನಮ್ಮ ಪಕ್ಕದ ವಿಜಾಪುರ ಸೀಮೆಯ ಹಲಸಂಗಿ ಗೆಳೆಯರು ಅಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಅಚ್ಚು ಹಾಕಿಸಿದರು. ಸುರಪುರದ ಕಥೆಯೇ ಬೇರೆ. 1858ರ ಬಂಡಾಯದ ಮೇಲೆ ಸಂಸ್ಥಾನ ಹೋಯಿತು, 1860ರಲ್ಲಿ ಬ್ರಿಟಿಷರು ಅದನ್ನು ನಿಜಾಮರಿಗೆ ಕೊಟ್ಟರು. 1948ರವರೆಗೂ ಯಾದಗಿರಿ, ಶಹಾಪುರ, ಸುರಪುರ ಎಲ್ಲ ಹೈದರಾಬಾದ್ ಸಂಸ್ಥಾನದಲ್ಲೇ. ಕಚೇರಿಯಲ್ಲಿ ಉರ್ದು, ಅಡುಗೆಮನೆಯಲ್ಲಿ ಕನ್ನಡ. ಆ ಅಡುಗೆಮನೆಯ ಕನ್ನಡವನ್ನು ಮನೆಯವರು ಬರೆದಿಡುವುದು ಅಪರೂಪ. ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಆಕೆಯ ದೀಪದ ಪದಗಳಲ್ಲಿ ಒಂದೂ ನಮ್ಮ ಮನೆಯಲ್ಲಿ ಉಳಿದಿಲ್ಲ. ಉಳಿದದ್ದು ಧಾಟಿ ಮತ್ತು ಆಕೆಯ ಒಂದು ಮಾತು: "ದೀಪದ ಮುಂದ ಪುರಾಣ ಹೇಳ್ಕೋತ ಕುಂದ್ರಬಾರದಪಾ, ಬೆರಳ ಸುಟ್ಟೀತು."

ಈ ಮಾತಿನಲ್ಲೇ ಅಳತೆ ಇದೆ. ಕಡ್ಡಿ ಗೀರಿ ಹಿಡಿದರೆ ಅದು ಬೆರಳ ಹತ್ತಿರ ಬರಲು ಹೆಚ್ಚು ಹೊತ್ತು ಬೇಕಿಲ್ಲ. ಎಣ್ಣೆ ಕುಡಿದ ಬತ್ತಿಯ ತುದಿ ಅಷ್ಟರಲ್ಲೇ ಹೊತ್ತಿಕೊಳ್ಳುತ್ತದೆ. ಪದ್ಯ ಮುಗಿದರೂ ಬತ್ತಿ ಹೊತ್ತಿಲ್ಲ ಅಂದರೆ ತಪ್ಪು ಪದ್ಯದ್ದಲ್ಲ, ಬತ್ತಿಯದು. ಒಣ ಅರಳೆ ಭಗ್ಗನೆ ಉರಿದು ಕರ್ರಗಾಗಿ ಆರುತ್ತದೆ. ಚಟಪಟ ಸಪ್ಪಳ ಬಂದರೆ ಎಣ್ಣೆಗೆ ನೀರು ಸೇರಿದೆ. ಹೊಗೆ ಏರಿದರೆ ಬತ್ತಿಯ ತಲೆ ಉದ್ದ ಆಗಿದೆ, ಒಂದಿಷ್ಟು ಹಿಂದಕ್ಕೆ ಎಳೆಯಬೇಕು. ಅಂದಹಾಗೆ, ದೀಪ 'ಆರಿಸು' ಅನ್ನಬಾರದು, 'ದೊಡ್ಡದು ಮಾಡು' ಅಥವಾ 'ಶಾಂತ ಮಾಡು' ಅನ್ನಬೇಕು. ಹಾಗಾಗಿ ದೀಪದ ಪದ ಕಟ್ಟುವಾಗಲೂ ಆರುವ, ಕಡಿಮೆಯಾಗುವ ಮಾತು ತರದಿರುವುದು ಒಳ್ಳೆಯದು.

ಈಗ ಲೆಕ್ಕ. ತ್ರಿಪದಿಯಲ್ಲಿ 11 ಗಣ. ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು. ಇವುಗಳಲ್ಲಿ 6ನೆಯದು ಮತ್ತು 10ನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಮಾತ್ರೆಯ ಲೆಕ್ಕಕ್ಕೆ ಇಳಿಸಿದರೆ ವಿಷ್ಣುಗಣಕ್ಕೆ 5, ಬ್ರಹ್ಮಗಣಕ್ಕೆ 3. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಅಥವಾ ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ಜತೆಗೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿದ್ದರೆ ಬಾಯಲ್ಲಿ ಬೇಗ ನಿಲ್ಲುತ್ತದೆ. ಇಷ್ಟು ಇಟ್ಟುಕೊಂಡು ನಮ್ಮ ಮನೆಯ ಜಗಲಿಗೆ ನಾನು ಕಟ್ಟಿದ್ದು ಇದು:

ಹೊತ್ತು ಮುಣುಗಿತು ತಾಯಿ ಬತ್ತಿ ಹೊಸೆದಿಟ್ಟೇನ
ಹತ್ತಿಹೊಲದರಳೆ ಕುಸುಬೀಯ ತಿಳಿ ಎಣ್ಣಿ
ಹೊತ್ತೀತ ದೀಪ ಮನಿತುಂಬ

ಒಡೆದು ನೋಡೋಣ. 'ಹೊತ್ತು ಮುಣು', 'ಗಿತು ತಾಯಿ', 'ಬತ್ತಿ ಹೊಸೆ', 'ದಿಟ್ಟೇನ': ನಾಲ್ಕೂ ಐದೈದು ಮಾತ್ರೆ, ಸಾಲಿಗೆ 20. ಎರಡನೇ ಸಾಲಿನಲ್ಲಿ 'ಹತ್ತಿಹೊಲ' ಐದು, 'ದರಳೆ' ಮೂರು. ಇದೇ 6ನೇ ಗಣ, ಇಲ್ಲಿ ಧಾಟಿ ಸ್ವಲ್ಪ ಕುಗ್ಗಿ ಮುಂದಕ್ಕೆ ಹೋಗುತ್ತದೆ. ಆಮೇಲೆ 'ಕುಸುಬೀಯ', 'ತಿಳಿ ಎಣ್ಣಿ', ಒಟ್ಟು 18. ಮೂರನೆಯದರಲ್ಲಿ 'ಹೊತ್ತೀತ' ಐದು, 'ದೀಪ' ಮೂರು, 'ಮನಿತುಂಬ' ಐದು, ಒಟ್ಟು 13. ಮೂರೂ ಸಾಲಿನ ಎರಡನೇ ಅಕ್ಷರ ತ್ತ-ಕಾರ. 'ಕುಸುಬಿಯ' ಅಂತ ಹ್ರಸ್ವ ಬರೆದರೆ ನಾಲ್ಕೇ ಮಾತ್ರೆ, ಹಾಡುವಾಗ ಕಾಲು ಎಡವಿದ ಹಾಗಾಗುತ್ತದೆ. ಅದಕ್ಕೇ ಜನಪದದಲ್ಲಿ 'ಬೀ' ಅಂತ ಎಳೆಯುವುದು. ಅದು ಅಲಂಕಾರ ಅಲ್ಲ, ಗಣ ತುಂಬಿಸುವ ಕೆಲಸ.

ಒಟ್ಟು 51 ಮಾತ್ರೆ. ಬರೀ ಹೇಳಿದರೆ ಶ್ಲೋಕದಷ್ಟೇ ಹೊತ್ತು. ಹಾಡುವಾಗ ಎರಡನೇ ಸಾಲನ್ನು ಮರಳಿ ಹಾಡುವ ರೂಢಿ ಇದೆ, ಹಾಗೆ ಮಾಡಿದರೆ 69 ಮಾತ್ರೆ. ಮೊಬೈಲಿನಲ್ಲಿ ಹಿಡಿದು ನೋಡಿದೆ, ಇಪ್ಪತ್ತು ಸೆಕೆಂಡಿನ ಆಸುಪಾಸು. ಇಲ್ಲೊಂದು ಅನುಕೂಲ ಇದೆ. ಬತ್ತಿ ತಡ ಮಾಡಿದರೆ ಎರಡನೇ ಸಾಲು ಮರಳಿ ಹಾಡಬಹುದು, ಬೇಗ ಹೊತ್ತಿದರೆ ನೇರ ಮೂರನೇ ಸಾಲಿಗೆ ಹೋಗಬಹುದು. ಶ್ಲೋಕದಲ್ಲಿ ಈ ಹಿಗ್ಗು-ಕುಗ್ಗು ಇಲ್ಲ, ದಾಸರ ಪದದಲ್ಲಿ ಇಷ್ಟು ಚಿಕ್ಕದಾಗುವ ದಾರಿ ಇಲ್ಲ.

ಇನ್ನೊಂದು ಮಾತು. 'ಹೊತ್ತೀತ' ಅನ್ನುವುದು ಕೊನೆಯ ಸಾಲಿಗೇ ಬರಬೇಕು. ಮೊದಲ ಸಾಲಿನಲ್ಲೇ ದೀಪ ಬೆಳಗಿತು ಅಂದುಬಿಟ್ಟರೆ ಕೈಯಲ್ಲಿ ಕಡ್ಡಿ ಇನ್ನೂ ಉರಿಯುತ್ತಿರುತ್ತದೆ, ಬಾಯಿ ಮುಂದೆ ಓಡಿಹೋಗಿರುತ್ತದೆ. ಪದದ ಕ್ರಮವೂ ಕೈಯ ಕ್ರಮವೂ ಒಂದೇ ಆಗಿರಬೇಕು: ಮೊದಲು ಹೊತ್ತು, ಆಮೇಲೆ ಬತ್ತಿ, ಎಣ್ಣೆ, ಕೊನೆಗೆ ಬೆಳಕು. ಕುಸುಬಿ, ಹತ್ತಿ ನಮ್ಮ ಕರಿಮಣ್ಣಿನ ಬೆಳೆ ಅಂತ ಬಂದವು. ನೀವು ಮಲೆನಾಡಿನವರಾದರೆ ಕೊಬ್ಬರಿ ಎಣ್ಣೆ ಹಾಕಿಕೊಳ್ಳಿ, ಗಣ ಮಾತ್ರ ಎಣಿಸಿ ಹಾಕಿ!

ಈಗ ನಮ್ಮವ್ವ ಫೋನ್ ಮಾಡಿದಾಗ ಒಮ್ಮೊಮ್ಮೆ ಆ ಕಡೆಯಿಂದ ಇದೇ ಪದ ಕೇಳಿಸುತ್ತದೆ. 'ತಾಯಿ' ತೆಗೆದು 'ಶಿವನೆ' ಹಾಕಿಕೊಂಡಿದ್ದಾಳೆ. ಶಿವನೆ ಅಂದರೆ ಮೂರೇ ಮಾತ್ರೆ, ತಾಯಿಯೂ ಮೂರೇ. ಲೆಕ್ಕ ಗೊತ್ತಿಲ್ಲದೆಯೇ ಸರಿಯಾಗಿ ಕೂರಿಸಿದ್ದಾಳೆ. ನಿಮ್ಮ ಮನೆಯಲ್ಲಿ ಹಿರಿಯರು ದೀಪದ ಮುಂದೆ ಹೇಳುವ ಮೂರು ಸಾಲು ಇದ್ದರೆ ಇವತ್ತೇ ಬರೆದಿಡಿ.